ಸಂಬಳ, ಅದರ ಮೇಲೆ ಅರ್ಧ, ಇಂಟು 17: ಎಂವಿಸಿ ಕೇಸಿನೊಳಗಿನ ಲೆಕ್ಕ

(ಯುವ ವಕೀಲರು ಮತ್ತು ವಿಮೆ ಕ್ಲೇಮ್ ನೋಡಿಕೊಳ್ಳುವ ಕೆಲವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬೋರ್ಡಿನ ಮೇಲೆ ಬರೆದದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು, ನಡೆಸುವವರಿಗೆ ಈ ಲೆಕ್ಕ ಬಾಯಿಪಾಠ. ಅಪಘಾತದಲ್ಲಿ ತೀರಿಕೊಂಡವರ ವಯಸ್ಸು 30, ಖಾಯಂ ಕೆಲಸ, ತೆರಿಗೆ ಕಳೆದು ತಿಂಗಳಿಗೆ 40,000 ಸಂಬಳ, ಮನೆಯಲ್ಲಿ ಹೆಂಡತಿ ಮತ್ತು ಒಂದು ಮಗು. ವರ್ಷಕ್ಕೆ 4.8 ಲಕ್ಷ ಆಯಿತು. ಮುಂದೆ ಸಂಬಳ ಏರುತ್ತಿತ್ತಲ್ಲ, ಅದಕ್ಕೆ ಫ್ಯೂಚರ್ ಪ್ರಾಸ್ಪೆಕ್ಟ್ಸ್ ಅಂತ ಅರ್ಧ ಸೇರಿಸಿ, 7.2 ಲಕ್ಷ. ಅವರೇ ಇದ್ದಿದ್ದರೆ ತಮಗೆ ಖರ್ಚು ಮಾಡಿಕೊಳ್ಳುತ್ತಿದ್ದ ಮೂರನೇ ಒಂದು ಭಾಗ ಕಳೆಯಿರಿ, 4.8 ಲಕ್ಷ. ಯಾವ ವಯಸ್ಸಿಗೆ ಎಷ್ಟರಿಂದ ಗುಣಿಸಬೇಕು ಅನ್ನುವ ಕೋಷ್ಟಕದಲ್ಲಿ 26ರಿಂದ 30ರ ಸಾಲಿಗೆ ಗುಣಕ 17. ಗುಣಿಸಿದರೆ 81.6 ಲಕ್ಷ. ಎರಡು ನಿಮಿಷದ ಕೆಲಸ.

ಆದರೆ 17 ಯಾಕೆ? 60ಕ್ಕೆ ನಿವೃತ್ತಿ ಅಂದರೆ ಇನ್ನೂ 30 ವರ್ಷ ಇತ್ತಲ್ವಾ? ಹಾಗಂತ ಕಕ್ಷಿದಾರರು ಕೇಳಿದಾಗ ಹೆಚ್ಚಿನವರು "ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ" ಅಂದುಬಿಡುತ್ತಾರೆ. ಅದು ನಿಜವೇ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಆ ಕೋಷ್ಟಕ ಇದೆ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ನಮ್ಮ ಹೈಕೋರ್ಟಿನಿಂದಲೇ ಹೋದವರು. ಮುಂದೆ 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದೇ ಕೋಷ್ಟಕವನ್ನು ಎತ್ತಿಹಿಡಿಯಿತು. ಸೇರಿಸಬೇಕಾದ ಶೇಕಡಾವಾರನ್ನೂ ಗಟ್ಟಿ ಮಾಡಿತು. ಇದು ಕಾನೂನಿನ ಉತ್ತರ. ನಾನು ಹೇಳಬೇಕು ಅಂದುಕೊಂಡಿರುವುದು ಲೆಕ್ಕದ ಉತ್ತರ. ಯಾಕಂದ್ರೆ ಆ "ಅರ್ಧ ಸೇರಿಸು, 17ರಿಂದ ಗುಣಿಸು" ಅನ್ನುವುದರ ಹೊಟ್ಟೆಯೊಳಗೆ ಇನ್ನೊಂದು ಲೆಕ್ಕ ಕೂತಿದೆ. ಪ್ರತಿ ವರ್ಷ ಏರುತ್ತಾ ಹೋಗುವ ಸಂಬಳವನ್ನು ಇವತ್ತೇ ಒಂದೇ ಗಂಟಾಗಿ ಕೊಡುವುದಾದರೆ ಎಷ್ಟು ಕೊಡಬೇಕು ಅನ್ನುವ ಲೆಕ್ಕ ಅದು. ಕಾಮರ್ಸ್ ಓದಿದವರು ಗ್ರೋಯಿಂಗ್ ಆನ್ಯುಯಿಟಿಯ ಪ್ರೆಸೆಂಟ್ ವ್ಯಾಲ್ಯೂ ಅಂತ ಪರೀಕ್ಷೆಗೆ ಓದಿರುತ್ತೀರಿ.

ನಮ್ಮ 30ರ ವಯಸ್ಸಿನವರನ್ನೇ ಇಟ್ಟುಕೊಳ್ಳೋಣ. ಸ್ವಂತ ಖರ್ಚಿನ ಕಡಿತವನ್ನು ಸದ್ಯಕ್ಕೆ ಬದಿಗಿಡಿ, ಅದನ್ನು ಕೊನೆಗೆ ಕಳೆದರೂ ನಡೆಯುತ್ತದೆ. ಮೊದಲ ವರ್ಷದ ಸಂಬಳ 4.8 ಲಕ್ಷ, ವರ್ಷದ ಕೊನೆಗೆ ಒಟ್ಟಿಗೆ ಸಿಗುತ್ತದೆ ಅಂದುಕೊಳ್ಳಿ. ಪ್ರತಿ ವರ್ಷ ಶೇ. 6 ಏರುತ್ತದೆ. ಗಂಟನ್ನು ಬ್ಯಾಂಕಿನಲ್ಲಿಟ್ಟರೆ ಶೇ. 8 ಬಡ್ಡಿ. ಇವತ್ತಿನ ಎಫ್‌ಡಿ ದರ ಅಷ್ಟಿಲ್ಲ ಅಂತ ಯಾರೋ ಆಗಲೇ ತಲೆ ಅಲ್ಲಾಡಿಸುತ್ತಿದ್ದೀರಿ, ಗೊತ್ತು. ಆ ವಿಷಯಕ್ಕೆ ಬರುತ್ತೇನೆ.

ಸುಮ್ನೆ 30 ವರ್ಷದ ಸಂಬಳ ಕೂಡಿಸಿದರೆ ಸುಮಾರು 3.8 ಕೋಟಿ ಬರುತ್ತದೆ. ಕಕ್ಷಿದಾರರ ಮನಸ್ಸಿನಲ್ಲಿರುವುದು ಹೆಚ್ಚುಕಡಿಮೆ ಈ ಅಂಕಿಯೇ. ಆದರೆ 30 ವರ್ಷ ಬಿಟ್ಟು ಬರುವ ಒಂದು ರೂಪಾಯಿಗೆ ಇವತ್ತು ಒಂದು ರೂಪಾಯಿ ಕೊಡಬೇಕಾಗಿಲ್ಲ, ಶೇ. 8ರಲ್ಲಿ ಹತ್ತು ಪೈಸೆ ಇಟ್ಟರೆ ಸಾಕು, ಅದೇ ಬೆಳೆದು ಒಂದು ರೂಪಾಯಿ ಆಗುತ್ತದೆ. ಹಾಗಂತ ಸಂಬಳ ಏರುವುದನ್ನೇ ಮರೆತು, 30 ವರ್ಷವೂ ಅದೇ 4.8 ಲಕ್ಷ ಅಂತ ಹಿಡಿದರೆ ಇವತ್ತಿನ ಬೆಲೆ 54 ಲಕ್ಷಕ್ಕೆ ಇಳಿದುಬಿಡುತ್ತದೆ. ಏರಿಕೆಯನ್ನೂ ಬಡ್ಡಿಯನ್ನೂ ಎರಡನ್ನೂ ಹಿಡಿದರೆ ಬರುವುದು 1.03 ಕೋಟಿ. ಬಡ್ಡಿ ಮರೆತರೆ 3.8 ಕೋಟಿ, ಇನ್ಕ್ರಿಮೆಂಟ್ ಮರೆತರೆ 54 ಲಕ್ಷ. ವಾದ ನಡೆಯುವುದೆಲ್ಲ ಈ ಎರಡರ ನಡುವೆಯೇ.

1.03 ಕೋಟಿ ಎಲ್ಲಿಂದ ಬಂತು ಅಂತ ನೋಡೋಣ. ಮೊದಲ ವರ್ಷದ 4.8 ಲಕ್ಷದ ಇವತ್ತಿನ ಬೆಲೆ 4.44 ಲಕ್ಷ, ಒಂದು ವರ್ಷದ ಬಡ್ಡಿ ಕಳೆದದ್ದು ಅಷ್ಟೇ. ಎರಡನೇ ವರ್ಷಕ್ಕೆ ಸಂಬಳ 1.06 ಪಟ್ಟು ಆಗಿರುತ್ತದೆ, ಆದರೆ ಇನ್ನೊಂದು ಸಲ 1.08ರಿಂದ ಭಾಗಿಸಬೇಕು. ಮೂರನೇ ವರ್ಷಕ್ಕೂ ಹಾಗೇ. ಅಂದರೆ ಪ್ರತಿ ವರ್ಷದ ಇವತ್ತಿನ ಬೆಲೆ ಹಿಂದಿನ ವರ್ಷದ್ದರ 0.9815 ಪಟ್ಟು. ಏರಿಕೆ ಮೇಲಕ್ಕೆ ಎಳೆಯುತ್ತದೆ, ಬಡ್ಡಿ ಕೆಳಕ್ಕೆ ಎಳೆಯುತ್ತದೆ, ಉಳಿಯುವುದು ವರ್ಷಕ್ಕೆ ಶೇ. 2ಕ್ಕಿಂತ ಚೂರು ಕಡಿಮೆ ಸವಕಲು. ಮೂವತ್ತನೇ ವರ್ಷದ ಸಂಬಳ 26 ಲಕ್ಷ ಆಗಿರುತ್ತದೆ, ಅದರ ಇವತ್ತಿನ ಬೆಲೆ 2.58 ಲಕ್ಷ. 4.44ರಿಂದ 2.58ಕ್ಕೆ ನಿಧಾನವಾಗಿ ಇಳಿಯುವ ಈ ಮೂವತ್ತು ಅಂಕಿಗಳನ್ನು ಕೂಡಿಸಿದರೆ 103 ಲಕ್ಷ. ಕೊನೆಯ ವರ್ಷಗಳಿಗೆ ಬೆಲೆಯೇ ಇಲ್ಲ ಅಂತ ಎದುರು ಪಕ್ಷದವರು ಹೇಳಿದರೆ ಈ 2.58 ನೆನಪಿರಲಿ. ಸಂಬಳ ಏರುವವರ ವಿಷಯದಲ್ಲಿ ದೂರದ ವರ್ಷಗಳೂ ಸಾಕಷ್ಟು ತೂಗುತ್ತವೆ.

ಒಂದೊಂದನ್ನೇ ಕೂಡಿಸುವ ಬದಲು ಸೂತ್ರ ಇದೆ:

```
PV = C / (r - g) × [1 - ((1 + g) / (1 + r))^n]
```

C ಮೊದಲ ವರ್ಷದ ಕೊನೆಗೆ ಸಿಗುವ ಮೊತ್ತ, r ಬಡ್ಡಿ, g ಏರಿಕೆ, n ವರ್ಷಗಳು. ನಮ್ಮ ಅಂಕಿ ಹಾಕಿದರೆ ಚೌಕ ಕಂಸದೊಳಗೆ 0.429, ಅದನ್ನು 0.02ರಿಂದ ಭಾಗಿಸಿದರೆ 21.46. ಅಂದರೆ ಮೊದಲ ವರ್ಷದ ಸಂಬಳದ 21.46 ಪಟ್ಟು. ಈ 21.46 ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಕೋರ್ಟಿನ ಗುಣಕಕ್ಕೆ ಹೋಲಿಸಬೇಕಾದದ್ದು ಇದನ್ನೇ.

ಎಕ್ಸೆಲ್‌ನಲ್ಲಿ ಇದಕ್ಕೆಂದೇ ಬೇರೆ ಫಂಕ್ಷನ್ ಇಲ್ಲ, ಆದರೆ ಇರುವ PV ಯಲ್ಲೇ ಕೆಲಸ ಆಗುತ್ತದೆ. ಬಡ್ಡಿಯ ಜಾಗದಲ್ಲಿ ಏರಿಕೆ ಕಳೆದು ಉಳಿದ ದರ ಹಾಕಬೇಕು:

```
=PV(1.08/1.06-1, 30, -480000/1.06)
```

ಕೊನೆಯ ಆ 1.06ರ ಭಾಗಾಕಾರ ಬಿಟ್ಟುಬಿಡುವವರು ಬಹಳ. ಬಿಟ್ಟರೆ 109 ಲಕ್ಷ ಬರುತ್ತದೆ, ಎರರ್ ಏನೂ ತೋರಿಸುವುದಿಲ್ಲ. ಆ ಉತ್ತರವೂ ತಪ್ಪೇನಲ್ಲ, ಬೇರೆ ಪ್ರಶ್ನೆಗೆ ಉತ್ತರ ಅಷ್ಟೇ. 4.8 ಲಕ್ಷ ಅನ್ನುವುದು ಕಳೆದ ವರ್ಷದ ಸಂಬಳವಾಗಿದ್ದು, ಮುಂದಿನ ಮೊದಲ ವರ್ಷದಲ್ಲೇ ಇನ್ಕ್ರಿಮೆಂಟ್ ಸೇರಿ 5.088 ಲಕ್ಷ ಸಿಗುವುದಿದ್ದರೆ 109 ಲಕ್ಷವೇ ಸರಿ. ಆದ್ದರಿಂದ ಸ್ಯಾಲರಿ ಸ್ಲಿಪ್ ಯಾವ ತಿಂಗಳದ್ದು, ಇನ್ಕ್ರಿಮೆಂಟ್ ಯಾವ ತಿಂಗಳು ಅನ್ನುವುದನ್ನು ಮೊದಲೇ ನೋಡಿಕೊಳ್ಳಿ. ಆರು ಲಕ್ಷದ ವ್ಯತ್ಯಾಸ ಅಲ್ಲಿದೆ. ಇನ್ನು ಸಂಬಳ ತಿಂಗಳು ತಿಂಗಳು ಬರುತ್ತದೆ, ವರ್ಷದ ಕೊನೆಗಲ್ಲ. ಸರಾಸರಿ ಅರ್ಧ ವರ್ಷ ಮುಂಚೆಯೇ ಸಿಕ್ಕಂತಾಯಿತು ಅಂತ ಹಿಡಿದರೆ 103 ಲಕ್ಷ ಸುಮಾರು 107 ಆಗುತ್ತದೆ.

ಇಲ್ಲಿ ಒಬ್ಬರು ಕೇಳಿದರು: "ಸರ್, ಏರಿಕೆಯೂ 8, ಬಡ್ಡಿಯೂ 8 ಆದರೆ? ಕೆಳಗೆ ಸೊನ್ನೆ ಬರುತ್ತಲ್ಲ?" ಬರುತ್ತದೆ, ಸೂತ್ರ ಕೈಕೊಡುತ್ತದೆ. ಆದರೆ ಲೆಕ್ಕ ಇನ್ನೂ ಸುಲಭವಾಗುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ, ಪ್ರತಿ ವರ್ಷದ ಇವತ್ತಿನ ಬೆಲೆಯೂ ಅದೇ 4.44 ಲಕ್ಷ, 30 ವರ್ಷಕ್ಕೆ 133 ಲಕ್ಷ. ಏರಿಕೆ ಬಡ್ಡಿಗಿಂತ ಜಾಸ್ತಿ, ಶೇ. 10 ಅಂದುಕೊಂಡರೂ ಸೂತ್ರ ಸರಿಯಾಗೇ ನಡೆಯುತ್ತದೆ, ಮೇಲೆ ಕೆಳಗೆ ಎರಡೂ ಕಡೆ ಮೈನಸ್ ಬಂದು ಹೊಂದಿಕೊಳ್ಳುತ್ತದೆ. ಉತ್ತರ 176 ಲಕ್ಷ. ಕೊನೆಯೇ ಇಲ್ಲದ ಆದಾಯಕ್ಕೆ ಹೀಗೆ ಮಾಡಿದರೆ ಉತ್ತರ ಅನಂತಕ್ಕೆ ಓಡುತ್ತದೆ. ಕೆಲಸಕ್ಕೆ ನಿವೃತ್ತಿ ಅಂತ ಒಂದು ಇದೆಯಲ್ಲ, ಹಾಗಾಗಿ ಇಲ್ಲಿ ಆ ಭಯ ಇಲ್ಲ.

ಇಷ್ಟು ಹೊತ್ತಿಗೆ ಗಮನಿಸಿರುತ್ತೀರಿ, 8 ಮುಖ್ಯವಲ್ಲ, 6ಊ ಮುಖ್ಯವಲ್ಲ, ಅವೆರಡರ ನಡುವಿನ 2 ಮುಖ್ಯ. ಎಫ್‌ಡಿ ದರ 6ಕ್ಕೆ ಇಳಿದು ಸಂಬಳದ ಏರಿಕೆಯೂ 4ಕ್ಕೆ ಇಳಿದರೆ ಉತ್ತರ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ಬಡ್ಡಿ 8ರಲ್ಲೇ ಇಟ್ಟು ಏರಿಕೆಯನ್ನು ಮಾತ್ರ 5 ಮಾಡಿ, 103 ಲಕ್ಷ 91ಕ್ಕೆ ಬೀಳುತ್ತದೆ. 7 ಮಾಡಿ, 117ಕ್ಕೆ ಏರುತ್ತದೆ. ಒಂದೊಂದು ಪರ್ಸೆಂಟಿಗೆ ಹನ್ನೆರಡು, ಹದಿನಾಲ್ಕು ಲಕ್ಷ. ಯಾರಾದರೂ ಅಂಕಿ ಅಂಶ ಕೈಗಿಟ್ಟು ಇಷ್ಟು ಲಕ್ಷ ಅಂತ ಕರಾರುವಾಕ್ಕಾಗಿ ಹೇಳಿದರೆ, ಈ ವ್ಯತ್ಯಾಸವನ್ನು ಎಷ್ಟು ಹಿಡಿದಿದ್ದೀರಿ ಅಂತ ಮೊದಲು ಕೇಳಿ.

ಈಗ ಕೋರ್ಟಿಗೆ ವಾಪಸ್ ಬರೋಣ. 30ರ ವಯಸ್ಸಿಗೆ ಗುಣಕ 17, ಅದಕ್ಕೆ ಮುಂಚೆ ಸಂಬಳವನ್ನು 1.5 ಮಾಡಿದ್ದೇವೆ. 1.5 ಇಂಟು 17 ಅಂದರೆ 25.5. ಮೊದಲ ವರ್ಷದ ಸಂಬಳದ 25.5 ಪಟ್ಟು ಕೋರ್ಟ್ ಕೊಡುತ್ತದೆ, ನಮ್ಮ ಸೂತ್ರ ಕೊಟ್ಟದ್ದು 21.46. ಕೋರ್ಟಿನ ಅಂಕಿಯನ್ನು ಸೂತ್ರದೊಳಗೆ ಹಿಂದಕ್ಕೆ ಓಡಿಸಿದರೆ ಏರಿಕೆ ಕಳೆದ ಬಡ್ಡಿ ಸುಮಾರು ಶೇ. 1 ಅಂತ ಬರುತ್ತದೆ. 17 ಅನ್ನುವ ಗುಣಕವೊಂದನ್ನೇ ನೋಡಿದರೆ, ಏರಿಕೆಯೇ ಇಲ್ಲದ ಸಂಬಳಕ್ಕೆ ಶೇ. 4ರ ಆಸುಪಾಸಿನ ಬಡ್ಡಿ ಹಿಡಿದಂತೆ ಕಾಣುತ್ತದೆ. ಮೇಲಿನ ಅರ್ಧವನ್ನೂ ಸೇರಿಸಿ ನೋಡಿದಾಗಲೇ ಅಸಲಿ ದರ ಗೊತ್ತಾಗುವುದು.

ಸರಳಾ ವರ್ಮಾ ಪ್ರಕರಣದ ಅಂಕಿಗಳನ್ನೇ ತೆಗೆದುಕೊಳ್ಳಿ. 1988ರಲ್ಲಿ ದೆಹಲಿಯಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡವರು 38 ವರ್ಷದ ವಿಜ್ಞಾನಿ, ಸರ್ಕಾರಿ ಸಂಸ್ಥೆಯ ಖಾಯಂ ಕೆಲಸ. ತಿಂಗಳಿಗೆ 4,004 ರೂಪಾಯಿ. ಅರ್ಧ ಸೇರಿಸಿ 6,006. ದೊಡ್ಡ ಕುಟುಂಬ, ಅವಲಂಬಿತರು ಆರಕ್ಕಿಂತ ಜಾಸ್ತಿ, ಹಾಗಾಗಿ ಸ್ವಂತ ಖರ್ಚಿಗೆ ಐದನೇ ಒಂದು ಭಾಗ ಮಾತ್ರ ಕಡಿತ. ವರ್ಷಕ್ಕೆ ಸುಮಾರು 57,658 ಉಳಿಯಿತು. 38ಕ್ಕೆ ಗುಣಕ 15, ಸುಮಾರು 8.65 ಲಕ್ಷ. ಇಲ್ಲಿ 1.5 ಇಂಟು 15 ಅಂದರೆ 22.5. ಅರವತ್ತರವರೆಗೆ ಅಂತ ಹಿಡಿದರೆ ಉಳಿದಿದ್ದದ್ದು 22 ವರ್ಷ. ವರ್ಷಕ್ಕೊಂದು ಸಂಬಳ, ಮೇಲೆ ಅರ್ಧ! ಬಡ್ಡಿಯೂ ಏರಿಕೆಯೂ ಹೆಚ್ಚುಕಡಿಮೆ ಸಮ ಅಂತ ಹಿಡಿದಂತೆ ಆಯಿತು.

ಇದು ಅಷ್ಟೇನೂ ಅತಿಯಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಈಗ ವರ್ಷಕ್ಕೆ ಶೇ. 3 ಇನ್ಕ್ರಿಮೆಂಟ್, ಅದರ ಮೇಲೆ ಜನವರಿ ಮತ್ತು ಜುಲೈನಿಂದ ಅನ್ವಯಿಸುವ ಡಿಎ, ನಡುವೆ ಬಡ್ತಿ, ಆಮೇಲೆ ವೇತನ ಆಯೋಗ. ಬೆಲೆ ಏರಿಕೆ ಶೇ. 4ರಿಂದ 5 ಅಂದುಕೊಂಡರೂ ಒಟ್ಟು ಏರಿಕೆ 7ರಿಂದ 8ಕ್ಕೆ ಬಂದುಬಿಡುತ್ತದೆ, ಬ್ಯಾಂಕ್ ಬಡ್ಡಿಗೆ ಹತ್ತಿರ.

ಇನ್ನೊಬ್ಬರ ಪ್ರಶ್ನೆ ಖಾಸಗಿ ಕೆಲಸ, ಸ್ವಂತ ಉದ್ಯೋಗದವರ ಬಗ್ಗೆ. ಸರಳಾ ವರ್ಮಾ ತೀರ್ಪಿನಲ್ಲಿ ಸ್ವಂತ ಉದ್ಯೋಗದವರಿಗೆ, ಇನ್ಕ್ರಿಮೆಂಟ್ ಇಲ್ಲದ ನಿಗದಿತ ಸಂಬಳದವರಿಗೆ ಸಾಮಾನ್ಯವಾಗಿ ಏನೂ ಸೇರಿಸುತ್ತಿರಲಿಲ್ಲ. ಅಂದರೆ ಆಟೊ ಓಡಿಸುವವರ ಆದಾಯ ಮೂವತ್ತು ವರ್ಷವೂ ನಿಂತಲ್ಲೇ ನಿಂತಿರುತ್ತದೆ ಅನ್ನುವ ಲೆಕ್ಕ. ಪ್ರಣಯ್ ಸೇಠಿ ಅದನ್ನು ಸರಿಮಾಡಿತು. 40ರ ಒಳಗಿನವರಿಗೆ ಶೇ. 40, 40ರಿಂದ 50ಕ್ಕೆ 25, 50ರಿಂದ 60ಕ್ಕೆ 10. ಖಾಯಂ ಕೆಲಸದವರಿಗೆ ಅದೇ ವಯಸ್ಸುಗಳಿಗೆ 50, 30, 15. ಆದಾಯ ಬೆಳೆಯುತ್ತದೆ ಅನ್ನುವುದನ್ನು ಆ ತೀರ್ಪು ಎಲ್ಲರಿಗೂ ಒಪ್ಪಿಕೊಂಡಿತು ಅನ್ನುವುದೇ ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು.

ಈ ಪದ್ಧತಿಯ ದೋಷ ಕಾಣಬೇಕಾದರೆ 40ನೇ ಹುಟ್ಟುಹಬ್ಬದ ಆಚೀಚೆ ನೋಡಿ. 39 ವರ್ಷದವರಿಗೆ 1.5 ಇಂಟು 15, ಅಂದರೆ 22.5 ಪಟ್ಟು. 40 ತುಂಬಿದ ದಿನ ಗುಣಕ ಅದೇ 15, ಆದರೆ ಸೇರಿಸುವುದು 30 ಮಾತ್ರ, 19.5 ಪಟ್ಟು. 4.8 ಲಕ್ಷ ಸಂಬಳಕ್ಕೆ, ಸ್ವಂತ ಖರ್ಚು ಕಳೆಯುವ ಮುಂಚೆ, 14.4 ಲಕ್ಷ ಒಂದೇ ದಿನದಲ್ಲಿ ಮಾಯ. ಸೂತ್ರದ ಪ್ರಕಾರ 21 ವರ್ಷ ಉಳಿದಿರುವವರಿಗೂ 20 ವರ್ಷ ಉಳಿದಿರುವವರಿಗೂ ಇರುವ ವ್ಯತ್ಯಾಸ ಸುಮಾರು 3 ಲಕ್ಷ, ಅದೂ ಇಡೀ ಒಂದು ವರ್ಷಕ್ಕೆ. ಹಾಗಾಗಿ ವಯಸ್ಸಿನ ದಾಖಲೆಯ ಮೇಲೆ ಅಷ್ಟೊಂದು ಜಗಳ ನಡೆಯುವುದು ಆಶ್ಚರ್ಯವಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪೋಸ್ಟ್‌ಮಾರ್ಟಂ ವರದಿಯಲ್ಲಿ ಅಂದಾಜಿಗೆ ಬರೆದ ವಯಸ್ಸು, ಮೂರೂ ಬೇರೆ ಬೇರೆ ಇದ್ದರೆ ಆ ಮೂರರ ನಡುವೆ ಇರುವುದು ಹತ್ತಾರು ಲಕ್ಷ.

ಇಳಿವಯಸ್ಸಿನ ಕಡೆ ಕೋಷ್ಟಕ ಸೂತ್ರವನ್ನು ಮೀರಿ ಕೊಡುತ್ತದೆ. 55 ವರ್ಷದ ಖಾಯಂ ನೌಕರರಿಗೆ 1.15 ಇಂಟು 11, ಅಂದರೆ 12.65 ಪಟ್ಟು, ನಿವೃತ್ತಿಗೆ ಉಳಿದಿದ್ದದ್ದು ಐದೇ ವರ್ಷ. ಇದನ್ನು ತೋರಿಸಿ ಕೋಷ್ಟಕವೇ ತಪ್ಪು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆಯವರ ಅವಲಂಬನೆ ನಿವೃತ್ತಿಯ ದಿನ ನಿಲ್ಲುವುದಿಲ್ಲ, ಪಿಂಚಣಿ ಇರುತ್ತದೆ, ಮನುಷ್ಯ ಬೇರೆ ಏನಾದರೂ ದುಡಿಯುತ್ತಿರುತ್ತಾನೆ. ಸೂತ್ರ ಅರವತ್ತಕ್ಕೆ ಕತ್ತರಿ ಹಾಕುತ್ತದೆ, ಕೋಷ್ಟಕ ಹಾಕುವುದಿಲ್ಲ. ನನ್ನ ತಕರಾರು ಇರುವುದು ಚಿಕ್ಕ ವಯಸ್ಸಿನವರ ವಿಷಯದಲ್ಲಿ. 22 ವರ್ಷದವರಿಗೆ 1.5 ಇಂಟು 18, ಅಂದರೆ 27 ಪಟ್ಟು. ಉಳಿದಿದ್ದದ್ದು 38 ವರ್ಷ. ಹಿಂದಕ್ಕೆ ಓಡಿಸಿದರೆ ಏರಿಕೆ ಕಳೆದ ಬಡ್ಡಿ ಹೆಚ್ಚುಕಡಿಮೆ ಶೇ. 2. 38ರವರಿಗೆ ಸೊನ್ನೆ, 30ರವರಿಗೆ ಒಂದು, 22ರವರಿಗೆ ಎರಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಬಳ ಬೇಗ ಏರುತ್ತದೆ, ಅವರಿಗೇ ಹೆಚ್ಚು ಕಡಿತ ಬೀಳುತ್ತಿದೆ. ಸಾವು, ಕಾಯಿಲೆ, ಕೆಲಸ ಹೋಗುವುದು, ಇಂಥ ಅನಿಶ್ಚಿತತೆಗೆ ಒಂದಿಷ್ಟು ಬಿಡಬೇಕು, ಒಪ್ಪುತ್ತೇನೆ. ಪ್ರತಿ ವರ್ಷ ಆದಾಯ ನಿಂತುಹೋಗುವ ಸಾಧ್ಯತೆ ಶೇ. 1 ಅಂದರೆ ಲೆಕ್ಕದಲ್ಲಿ ಅದು ಬಡ್ಡಿಯನ್ನು ಸುಮಾರು 1 ಏರಿಸಿದಂತೆಯೇ. ಅಷ್ಟು ಬಿಟ್ಟ ಮೇಲೂ 22ರವರ ಎರಡರಲ್ಲಿ ಇನ್ನೊಂದು ಪರ್ಸೆಂಟ್ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿ ಈ ದರವನ್ನು ಬಚ್ಚಿಡುವುದಿಲ್ಲ. ಅಲ್ಲಿ ಆಗ್ಡೆನ್ ಕೋಷ್ಟಕಗಳಿವೆ, ಬೆಲೆ ಏರಿಕೆ ಕಳೆದ ದರ ಇಷ್ಟು ಅಂತ ಲಾರ್ಡ್ ಚಾನ್ಸೆಲರ್ ಬಹಿರಂಗವಾಗಿ ನಿಗದಿ ಮಾಡುತ್ತಾರೆ. 2001ರಿಂದ ಅದು ಶೇ. 2.5 ಇತ್ತು. 2017ರಲ್ಲಿ ಮೈನಸ್ 0.75 ಮಾಡಿದರು. ವರ್ಷದ ಕೊನೆಗೊಮ್ಮೆ ಸಿಗುವ 20 ವರ್ಷದ ಆದಾಯಕ್ಕೆ 15.6 ಇದ್ದ ಗುಣಕ 21.7 ಆಗಿಬಿಡುತ್ತದೆ, ವರ್ಷಗಳಿಗಿಂತ ಗುಣಕವೇ ದೊಡ್ಡದು. ವಿಮಾ ಕಂಪನಿಗಳು ಕೂಗಾಡಿದವು. 2019ರಲ್ಲಿ ಮೈನಸ್ 0.25ಕ್ಕೆ ತಂದರು, 2025ರ ಜನವರಿಯಿಂದ ಪ್ಲಸ್ 0.5. ಗಲಾಟೆ ಆಯಿತು ನಿಜ, ಆದರೆ ಯಾವ ಅಂಕಿಯ ಮೇಲೆ ಗಲಾಟೆ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮಲ್ಲಿ ಅದು 15, 17, 18ರ ಒಳಗೆ ಮುಚ್ಚಿಕೊಂಡಿದೆ. ಬ್ಯಾಂಕ್ ಬಡ್ಡಿ ಏರಲಿ ಇಳಿಯಲಿ, ಕೋಷ್ಟಕ ಮಾತ್ರ ಹಾಗೇ ಇದೆ. ಟ್ರಿಬ್ಯೂನಲ್‌ಗಳಲ್ಲಿ ಒಂದೇ ರೀತಿಯ ಕೇಸಿಗೆ ಒಂದೇ ಮೊತ್ತ ಬರುವುದು ಇದರಿಂದಲೇ, ಆ ಅನುಕೂಲ ಸಣ್ಣದಲ್ಲ.

ಕೊನೆಯದಾಗಿ ದುಡ್ಡು ಬಂದ ಮೇಲಿನ ಮಾತು. ಟ್ರಿಬ್ಯೂನಲ್‌ಗಳು ಸಾಮಾನ್ಯವಾಗಿ ಮೊತ್ತದ ಒಂದು ಭಾಗವನ್ನು ಎಫ್‌ಡಿ ಮಾಡಿಸುತ್ತವೆ. ನಮ್ಮ 103 ಲಕ್ಷವನ್ನೇ ಶೇ. 8ರಲ್ಲಿಟ್ಟು, ಪ್ರತಿ ವರ್ಷದ ಕೊನೆಗೆ ಅವರ ಸಂಬಳದಷ್ಟೇ ತೆಗೆಯುತ್ತಾ ಹೋದರೆ ಏನಾಗುತ್ತದೆ ನೋಡಿ. ಮೊದಲ ವರ್ಷ ಬಡ್ಡಿಯೇ 8.24 ಲಕ್ಷ, ತೆಗೆಯುವುದು 4.8 ಲಕ್ಷ. ಅಸಲು 106 ಆಗುತ್ತದೆ, ಆಮೇಲೆ 110. ಹತ್ತನೇ ವರ್ಷದ ಕೊನೆಗೆ 134 ಲಕ್ಷ. "ನೋಡಿ, ಜಾಸ್ತಿ ಕೊಟ್ಟುಬಿಟ್ಟಿದ್ದಾರೆ, ದುಡ್ಡು ಬೆಳೀತಾ ಇದೆ" ಅಂತ ಸಂಬಂಧಿಕರು ಹೇಳುವುದು ಈ ಹೊತ್ತಿನಲ್ಲೇ. ಹದಿನೈದನೇ ವರ್ಷಕ್ಕೆ ಸುಮಾರು 141 ಲಕ್ಷಕ್ಕೆ ಹೋಗಿ ಅಲ್ಲಿಂದ ಇಳಿಯತೊಡಗುತ್ತದೆ. ಇಪ್ಪತ್ತಕ್ಕೆ 131, ಇಪ್ಪತ್ತೈದಕ್ಕೆ 92, ಮೂವತ್ತನೇ ವರ್ಷ ಕೊನೆಯ 26 ಲಕ್ಷ ತೆಗೆದಾಗ ಸೊನ್ನೆ. ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೊದಲ ಹದಿನೈದು ವರ್ಷ ಬೆಳೆದದ್ದು ಉಳಿತಾಯವಲ್ಲ, ಮುಂದೆ ಏರಲಿರುವ ಸಂಬಳಕ್ಕೆ ಕೂಡಿಟ್ಟದ್ದು. ಮೊದಲ ವರ್ಷದಿಂದಲೇ ಬಡ್ಡಿ ಅಷ್ಟನ್ನೂ, 8.24 ಲಕ್ಷ, ತೆಗೆದು ಖರ್ಚು ಮಾಡುತ್ತಾ ಹೋದರೆ ಅಸಲು 103ರಲ್ಲೇ ನಿಲ್ಲುತ್ತದೆ, ವರ್ಷದ ಆದಾಯವೂ 8.24ರಲ್ಲೇ ನಿಲ್ಲುತ್ತದೆ. ಹತ್ತನೇ ವರ್ಷದ ಹೊತ್ತಿಗೆ ಅವರ ಸಂಬಳವೇ ಇದರ ಹತ್ತಿರ ಬಂದು, ಹನ್ನೊಂದನೇ ವರ್ಷ ದಾಟಿ ಹೋಗುತ್ತಿತ್ತು.

ಹಿಂದಿನ ಸಾಲಿನಿಂದ ಒಬ್ಬ ಮೇಡಂ ಕೇಳಿದರು, ಎಫ್‌ಡಿ ಬಡ್ಡಿಗೆ ತೆರಿಗೆ ಬೀಳುತ್ತದಲ್ಲ, ಅದು ಈ ಲೆಕ್ಕದಲ್ಲಿ ಎಲ್ಲಿದೆ ಅಂತ. ಒಳ್ಳೆ ಪ್ರಶ್ನೆ, ಎಲ್ಲೂ ಇಲ್ಲ. ಸಂಬಳದಿಂದ ತೆರಿಗೆ ಕಳೆದೇ 4.8 ಲಕ್ಷ ಹಿಡಿದೆವು, ಬಡ್ಡಿಯಿಂದ ಕಳೆಯಲಿಲ್ಲ. ತೆರಿಗೆ ಕಟ್ಟಿದ ಮೇಲೆ ಕೈಗೆ ಶೇ. 7 ಮಾತ್ರ ಉಳಿಯುತ್ತದೆ ಅನ್ನುವವರಿಗೆ 6ರ ಏರಿಕೆಯ ಎದುರು ಅಂತರ 2 ಅಲ್ಲ, 1. ಆಗ ಬೇಕಾಗುವ ಗುಣಕ 25ರ ಆಸುಪಾಸು, ಕೋರ್ಟ್ 30ರ ವಯಸ್ಸಿನವರಿಗೆ ಕೊಡುವ 25.5ಕ್ಕೆ ತೀರ ಹತ್ತಿರ.